ವಾಪಸ್ ಬಂದ ಮಾಲು, ಬದಲಿ ಕೊಟ್ಟ ಮಾಲು: ಟ್ಯಾಲಿಯಲ್ಲಿ ಎಂಟ್ರಿ ಹೇಗೆ?

ದಾವಣಗೆರೆ ಅಂಗಡಿಯ ಮೂರೂ ಬಿಲ್ಲಿಂಗ್ ಕೌಂಟರ್‌ನವರಿಗೆ, ಲೆಕ್ಕದ ಕೋಣೆಯಿಂದ.

ಯುಗಾದಿ ಮುಗಿದ ಮೇಲೆ ಸ್ಟಾಕ್ ಎಣಿಸಿದೆವು. ಗಂಡಸರ ಶರ್ಟ್ ವಿಭಾಗದಲ್ಲಿ 40 ಸೈಜಿನ 11 ಶರ್ಟ್ ಜಾಸ್ತಿ, 42 ಸೈಜಿನ 11 ಶರ್ಟ್ ಕಡಿಮೆ. ಕಳ್ಳತನ ಏನೂ ಆಗಿಲ್ಲ. "ಸೈಜ್ ಚಿಕ್ಕದಾಯ್ತು" ಅಂತ ಬಂದವರಿಗೆ ದೊಡ್ಡದು ಕೊಟ್ಟು ಕಳಿಸಿದ್ದೀರಿ. ರೇಟು ಒಂದೇ ಅಲ್ವಾ, ಎಂಟ್ರಿ ಯಾಕೆ ಅಂತ ಬಿಟ್ಟಿದ್ದೀರಿ. ಟ್ಯಾಲಿಗೆ ಮಾತ್ರ 40 ಒಂದು ಐಟಂ, 42 ಇನ್ನೊಂದು ಐಟಂ. ಈಗ ಕಂಪ್ಯೂಟರ್ 42 ಇದೆ ಅನ್ನುತ್ತದೆ, ಶೆಲ್ಫ್‌ನಲ್ಲಿ ಇಲ್ಲ. ಅದನ್ನು ನಂಬಿ ನಾವು ಹೊಸ ಆರ್ಡರೂ ಹಾಕಿಲ್ಲ.

ಹಾಗಾಗಿ ಇನ್ನು ಮೇಲೆ ಒಂದೇ ನಿಯಮ. ಬದಲಾವಣೆ ಅಂದರೆ ಎರಡು ಎಂಟ್ರಿ. ಮೊದಲು ಹಳೆಯದು ವಾಪಸ್ ಬಂತು, ಆಮೇಲೆ ಹೊಸದು ಮಾರಾಟವಾಯಿತು. ಬಣ್ಣ ಮಾತ್ರ ಬದಲಾದರೂ ಎರಡು. ವ್ಯತ್ಯಾಸ ಸೊನ್ನೆ ರೂಪಾಯಿ ಆದರೂ ಎರಡು.

ವಾಪಸ್ ತಗೊಳ್ಳೋದು

ಮೊದಲು ಬಿಲ್ ಕೇಳಿ. ಬಿಲ್ ಕಳೆದಿದ್ದರೆ ಜಗಳ ಬೇಡ. "ಯಾವತ್ತು ತಗೊಂಡಿದ್ರಿ ಅಕ್ಕಾ?" ಅಂತ ಕೇಳಿ, `Day Book`ನಲ್ಲಿ `Alt+F2` ಒತ್ತಿ ಆ ದಿನ ಹಾಕಿ ಹುಡುಕಿ. ಬಿಲ್ಲಿನ ಫೋಟೋ ಫೋನ್‌ನಲ್ಲಿದ್ದರೂ ನಡೆಯುತ್ತದೆ. ಎಲ್ಲೂ ಸಿಗದಿದ್ದರೆ ಸೂಪರ್‌ವೈಸರ್ ಹತ್ತಿರ ಕಳಿಸಿ, ನೀವೇ ಅಂದಾಜಿನ ಮೇಲೆ ಎಂಟ್ರಿ ಹಾಕಬೇಡಿ.

ಆಮೇಲೆ ಬಟ್ಟೆ ನೋಡಿ. ಟ್ಯಾಗ್ ಇರಬೇಕು, ಒಗೆದಿರಬಾರದು, ಬಿಲ್ಲಿನಲ್ಲಿ ಬರೆದ 10 ದಿನ ದಾಟಿರಬಾರದು. ಆಲ್ಟರ್ ಮಾಡಿಸಿದ ಪ್ಯಾಂಟ್ ವಾಪಸ್ ಇಲ್ಲ. ಹೊಲಿಗೆ ಬಿಟ್ಟಿದೆ, ಬಟ್ಟೆ ಹರಿದೇ ಬಂದಿದೆ ಅಂದರೆ ಮಾತು ಬೇರೆ. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತಗೊಂಡು ಹಣ ಕೊಡಲು ಒಪ್ಪದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ತಪ್ಪು. ಬಿಲ್ಲಿನಲ್ಲಿ ಅವಧಿಯೇ ಇಲ್ಲದಿದ್ದರೆ 30 ದಿನ. ಆದ್ದರಿಂದ ಅಂಥವರಿಗೆ "ರೀಫಂಡ್ ಇಲ್ಲ" ಅಂತ ಯಾರೂ ಬಾಯಿ ಬಿಡಬೇಡಿ.

ಈಗ ಎಂಟ್ರಿ. `Alt+F6` ಒತ್ತಿದರೆ `Credit Note` ತೆರೆಯುತ್ತದೆ. ಪಾರ್ಟಿ ಹೆಸರಿನ ಜಾಗದಲ್ಲಿ `Exchange` ಲೆಡ್ಜರ್ ಆರಿಸಿ. `Cash` ಆರಿಸಬೇಡಿ. ಅದನ್ನು ಆರಿಸಿದರೆ ಗಲ್ಲದಿಂದ ಹಣ ಹೊರಗೆ ಹೋಯಿತು ಅಂತ ಟ್ಯಾಲಿ ತಿಳಿಯುತ್ತದೆ, ರಾತ್ರಿ ನೀವು ಗಲ್ಲ ಎಣಿಸುತ್ತಾ ಕೂರಬೇಕಾಗುತ್ತದೆ. ಹಳೆ ಬಿಲ್ಲಿನ ನಂಬರ್, ತಾರೀಕು ಎರಡನ್ನೂ ಹಾಕಿ. ಕಾರಣ ಕೇಳಿದಾಗ `01-Sales Return` ಆರಿಸಿ. ಐಟಂ ಹೆಸರನ್ನು ಟೈಪ್ ಮಾಡಬೇಡಿ, ಟ್ಯಾಗ್ ಸ್ಕ್ಯಾನ್ ಮಾಡಿ. 40, 42 ಅದಲುಬದಲಾಗೋದು ಟೈಪ್ ಮಾಡುವಾಗಲೇ.

ದರ ಹಾಕುವಾಗ ಟ್ಯಾಗ್ ಮೇಲಿನ ಬೆಲೆ ನೋಡಬೇಡಿ, ಬಿಲ್ ನೋಡಿ. 1,400 ರೂಪಾಯಿ ಟ್ಯಾಗಿನ ಶರ್ಟ್ ಹಬ್ಬದ 25% ರಿಯಾಯಿತಿಯಲ್ಲಿ 1,050ಕ್ಕೆ ಹೋಗಿದೆ ಅಂದುಕೊಳ್ಳಿ. ವಾಪಸ್ ಕೂಡ 1,050ಕ್ಕೇ. ಅದರಲ್ಲಿ 1,000 ಬಟ್ಟೆಯದು, 50 ಜಿಎಸ್‌ಟಿ. ತೆರಿಗೆ ದರವನ್ನು ಕೈಯಲ್ಲಿ ಬದಲಾಯಿಸಬೇಡಿ. ಮಾರಿದಾಗ ಯಾವ ದರ ಹಾಕಿದ್ದೆವೋ ಅದೇ ದರದಲ್ಲಿ ವಾಪಸ್ ಆಗಬೇಕು.

ಕೊನೆಗೆ ಗೋಡೌನ್. ಚೆನ್ನಾಗಿರುವ ಮಾಲು `Main Location`ಗೆ, ಕೆಟ್ಟದ್ದು `Damage`ಗೆ. ಇದನ್ನು ಮರೆತರೆ ಹರಿದ ಶರ್ಟ್ ಮತ್ತೆ ಶೆಲ್ಫ್ ಸೇರಿ ಇನ್ನೊಬ್ಬರ ಮನೆಗೆ ಹೋಗುತ್ತದೆ. ಒಂದು ಸಲ ಹಾಗೆ ಆಗಿದೆ, ಆ ಗಿರಾಕಿ ಬಂದು ಕೂಗಾಡಿದ್ದು ನಿಮಗೆ ನೆನಪಿರಬಹುದು.

ಹೊಸದು ಕೊಡೋದು

ಅದೇ ಗಿರಾಕಿ 1,575ರ ಪ್ಯಾಂಟ್ ಆರಿಸಿದರು. ಎಂದಿನಂತೆ ಪೂರ್ತಿ 1,575ಕ್ಕೆ ಬಿಲ್ ಮಾಡಿ. ಹಣ ತುಂಬುವ ಜಾಗದಲ್ಲಿ `Gift Vouchers` ಎದುರು `Exchange` ಲೆಡ್ಜರ್ ಹಾಕಿ 1,050 ಬರೆಯಿರಿ. ಉಳಿದ 525 ನಗದೋ ಯುಪಿಐಯೋ, ಅವರು ಕೊಟ್ಟಂತೆ. ಎರಡೂ ಚೀಟಿಯನ್ನು ಒಟ್ಟಿಗೆ ಪಿನ್ ಮಾಡಿ ಕೊಡಿ.

ಕೆಲವರು ಹೀಗೆ ಮಾಡೋದಿಲ್ಲ, 525ಕ್ಕೆ ಮಾತ್ರ ಬಿಲ್ ಹೊಡೆದು ಕಳಿಸುತ್ತಾರೆ. ಇಲ್ಲವೇ ಹೊಸ ಬಿಲ್ಲಿನಲ್ಲಿ 1,050ನ್ನು ಡಿಸ್ಕೌಂಟ್ ಅಂತ ತೋರಿಸುತ್ತಾರೆ. "ದುಡ್ಡು ಸರಿ ಇದೆಯಲ್ಲ ಸಾರ್" ಅಂತ ನನ್ನ ಹತ್ತಿರ ವಾದವೂ ಆಗಿದೆ. ಈ ಲೆಕ್ಕದಲ್ಲಿ ತೆರಿಗೆಯೂ ಸರಿಯೇ ಕಾಣುತ್ತದೆ, ಒಪ್ಪುತ್ತೇನೆ. ಪ್ಯಾಂಟಿನ 75ರಲ್ಲಿ ಶರ್ಟಿನ 50 ಕಳೆದರೆ 25, 525ರಲ್ಲೂ 25.

ಆದರೆ ಪ್ಯಾಂಟಿನ ಬದಲು ಬ್ಲೇಜರ್ ತಗೊಂಡರೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಪ್ರತಿ ಉಡುಪಿನ ಬೆಲೆ 2,500 ದಾಟದಿದ್ದರೆ 5%, ದಾಟಿದರೆ 18%. ಬ್ಲೇಜರ್ 3,000, ಅದರ ಮೇಲೆ ತೆರಿಗೆ 540, ಒಟ್ಟು 3,540. ನೀವು 1,050 ಡಿಸ್ಕೌಂಟ್ ಅಂತ ಹಾಕಿದಿರೋ, ಬಿಲ್ 2,490ಕ್ಕೆ ಇಳಿಯುತ್ತದೆ. ಟ್ಯಾಲಿ ಬೆಲೆ ನೋಡಿ ದರ ಹಾಕುವುದರಿಂದ ಅದಕ್ಕೆ 5% ಹಾಕಿಬಿಡುತ್ತದೆ. ತೆರಿಗೆ ಸುಮಾರು 119 ರೂಪಾಯಿ ಬರುತ್ತದೆ. ಕಟ್ಟಬೇಕಾದ್ದು 540ರಲ್ಲಿ 50 ಕಳೆದು 490. ಒಂದೇ ಬಿಲ್ಲಿನಲ್ಲಿ 371 ರೂಪಾಯಿ ಕಡಿಮೆ, ಅದೂ ಯಾರ ಕಣ್ಣಿಗೂ ಬೀಳದ ಹಾಗೆ. ನೋಟಿಸ್ ಬಂದಾಗ ಉತ್ತರ ಕೊಡಬೇಕಾದವನು ನಾನು.

ಹೊಸ ಮಾಲಿನ ಬೆಲೆ ಕಡಿಮೆಯಾದರೆ ಉಳಿದ ಹಣಕ್ಕೆ ಕ್ರೆಡಿಟ್ ಚೀಟಿ ಕೊಡಿ. ಹಣವನ್ನೇ ವಾಪಸ್ ಕೊಡೋದು ಕೆಟ್ಟ ಮಾಲಿಗೆ ಮಾತ್ರ. ಅದನ್ನು `F5`ನಲ್ಲಿ ಸೂಪರ್‌ವೈಸರ್ ಹಾಕುತ್ತಾರೆ. ಯುಪಿಐನಲ್ಲಿ ಕೊಟ್ಟವರಿಗೆ ಯುಪಿಐನಲ್ಲೇ ಹೋಗಬೇಕು. "ನಗದು ಕೊಡಿ, ನಾನು ಊರಿಗೆ ಹೋಗ್ಬೇಕು" ಅಂದರೂ ಗಲ್ಲಕ್ಕೆ ಕೈ ಹಾಕಬೇಡಿ.

ಕಾಂಬೋ ಮಾಲಿನಲ್ಲಿ ಸೈಜ್ ಬದಲಾವಣೆ ಮಾತ್ರ. ಮೂರರಲ್ಲಿ ಒಂದನ್ನು ಬಿಡಿಯಾಗಿ ವಾಪಸ್ ತಗೊಳ್ಳೋದಿಲ್ಲ.

ಬಿಲ್ಲೇ ತಪ್ಪಾದರೆ

ಗಿರಾಕಿ ಇನ್ನೂ ಕೌಂಟರ್ ಮುಂದೆಯೇ ಇದ್ದು, ನೀವು ತಪ್ಪು ಐಟಂ ಹಾಕಿದ್ದರೆ ಅದು ವಾಪಸ್ ಅಲ್ಲ, ಕ್ರೆಡಿಟ್ ನೋಟ್ ಬೇಡ. ಸೂಪರ್‌ವೈಸರ್ ಕರೆದು `Alt+X` ಒತ್ತಿಸಿ ಬಿಲ್ ರದ್ದು ಮಾಡಿಸಿ, ಹೊಸ ಬಿಲ್ ಹಾಕಿ. `Alt+D` ಮಾತ್ರ ಯಾರೂ ಒತ್ತಬೇಡಿ. ಅದು ಬಿಲ್ಲನ್ನೇ ಅಳಿಸಿಬಿಡುತ್ತದೆ, ನಂಬರಿನ ಸಾಲು ಕೆಡುತ್ತದೆ. ರದ್ದಾದ ಬಿಲ್ಲಿನ ಚೀಟಿಯನ್ನು ಹರಿದು ಎಸೆಯದೆ ನನಗೆ ಕಳಿಸಿ.

ಅಂಗಡಿ ಮುಚ್ಚುವ ಮುಂಚೆ `Exchange` ಲೆಡ್ಜರ್ ತೆರೆದು ನೋಡಿ. ಗಿರಾಕಿಗಳ ಕೈಯಲ್ಲಿ ಇನ್ನೂ ಬಳಸದ ಕ್ರೆಡಿಟ್ ಚೀಟಿಗಳಿದ್ದರೆ ಅಷ್ಟೇ ಮೊತ್ತ ಉಳಿದಿರಬೇಕು, ಇಲ್ಲದಿದ್ದರೆ ಸೊನ್ನೆ. ಅದಕ್ಕಿಂತ ಬೇರೆ ಏನು ಕಂಡರೂ ಯಾರೋ ಎರಡರಲ್ಲಿ ಒಂದು ಎಂಟ್ರಿ ಬಿಟ್ಟಿದ್ದಾರೆ. ಅವತ್ತೇ ಹುಡುಕಿದರೆ ಐದು ನಿಮಿಷದ ಕೆಲಸ.

ಸೋಮವಾರ ಬೆಳಿಗ್ಗೆ 9:30ಕ್ಕೆ, ಬಾಗಿಲು ತೆರೆಯುವ ಮುಂಚೆ, ಎರಡನೇ ಕೌಂಟರ್‌ನಲ್ಲಿ ಎಲ್ಲರೂ ಒಂದೊಂದು ಎಂಟ್ರಿ ಮಾಡಿ ತೋರಿಸಬೇಕು. ಮೇಲೆ ಹೇಳಿದ ಬ್ಲೇಜರ್ ಲೆಕ್ಕವನ್ನೇ ಕೊಡುತ್ತೇನೆ.