ಸೇವೆಯಿಂದ ವಜಾ ಮಾಡಿದ ಆದೇಶ

ಪೀಣ್ಯ, ಬೆಂಗಳೂರು
12 ಜನವರಿ 2026

ಸ್ಟೋರ್ ಕೀಪರ್ ಶ್ರೀ ಮಂಜುನಾಥ್ ಅವರಿಗೆ,

ನವೆಂಬರ್ 3ರ ರಾತ್ರಿ ಪಾಳಿಯಲ್ಲಿ ಗೇಟ್ ಪಾಸ್ ಇಲ್ಲದೆ 40 ಕೆ.ಜಿ. ತಾಮ್ರದ ತಂತಿ ಹೊರಗೆ ಸಾಗಿಸಿದ ಆರೋಪಕ್ಕೆ ನಿಮಗೆ ಆರೋಪಪಟ್ಟಿ ಕೊಟ್ಟಿದ್ದೆವು. ವಿಚಾರಣೆ ನಾಲ್ಕು ದಿನ ನಡೆಯಿತು. ನಿಮ್ಮ ಸಹೋದ್ಯೋಗಿ ನಿಮ್ಮ ಜೊತೆಗಿದ್ದರು. ಸಾಕ್ಷಿಗಳಿಗೆ ನೀವೇ ಪಾಟೀಸವಾಲು ಹಾಕಿದಿರಿ. ಆರೋಪ ಸಾಬೀತಾಗಿದೆ. ವರದಿಯ ಪ್ರತಿ ತಲುಪಿದ ಮೇಲೆ ನೀವು ಬರೆದ ಉತ್ತರವನ್ನೂ ಗಮನವಿಟ್ಟು ಓದಿದ್ದೇವೆ.

ನಿಮ್ಮ ಒಂಬತ್ತು ವರ್ಷದ ದುಡಿಮೆಯನ್ನು ನಾವು ಮರೆತಿಲ್ಲ. ಆದರೆ ಸ್ಟೋರಿನ ಬೀಗದ ಕೈ ನಿಮ್ಮ ಬಳಿಯೇ ಇತ್ತು. ಆ ನಂಬಿಕೆ ಮುರಿದ ಮೇಲೆ ಕಡಿಮೆ ಶಿಕ್ಷೆ ಸಾಲದು. ಇಂದಿನಿಂದಲೇ ನಿಮ್ಮನ್ನು ವಜಾ ಮಾಡಲಾಗಿದೆ.

ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಖಾತೆಗೆ ಬರುತ್ತದೆ. ಪಿಎಫ್ ಕಾಗದಗಳಿಗೆ ಸಿಬ್ಬಂದಿ ವಿಭಾಗ ಸಹಾಯ ಮಾಡುತ್ತದೆ. ಗುರುತಿನ ಚೀಟಿ, ಕೀಲಿಗಳನ್ನು ಒಪ್ಪಿಸಿ. ಒಪ್ಪಿಗೆಯಿಲ್ಲದಿದ್ದರೆ 30 ದಿನದೊಳಗೆ ವ್ಯವಸ್ಥಾಪಕ ನಿರ್ದೇಶಕರಿಗೆ ಮೇಲ್ಮನವಿ ಸಲ್ಲಿಸಬಹುದು.

ಇಂತಿ,
ಕಾರ್ಖಾನೆ ವ್ಯವಸ್ಥಾಪಕರು