22 ಕ್ಯಾರೆಟ್ ಎಂದು ಬಿಲ್ ಮಾಡಿದ ಸರದಲ್ಲಿ ಚಿನ್ನ ಕಡಿಮೆ ಇರುವ ಬಗ್ಗೆ ದೂರು

ದಾವಣಗೆರೆ
24-6-2024

ಇವರಿಗೆ,
ಅಂಗಡಿ ಮಾಲೀಕರು,
ಮಂಡಿಪೇಟೆ, ದಾವಣಗೆರೆ

ಮಾನ್ಯರೇ,

ಅಕ್ಷಯ ತದಿಗೆಯ ದಿನ, 10-5-2024ರಂದು, ನಿಮ್ಮಲ್ಲಿ 16.200 ಗ್ರಾಂ ತೂಕದ ಸರ ತೆಗೆದುಕೊಂಡೆ. ಬಿಲ್‌ನಲ್ಲಿ 22 ಕ್ಯಾರೆಟ್, 916 ಎಂದು ಬರೆದಿದೆ. ಗ್ರಾಂಗೆ 6,620 ರೂಪಾಯಿ, ಶೇ 12 ವೇಸ್ಟೇಜ್, ಮೇಲೆ ಜಿಎಸ್‌ಟಿ. ಹಾಲ್‌ಮಾರ್ಕ್ ಚಾರ್ಜ್ ಅಂತ 45 ರೂಪಾಯಿಯನ್ನೂ ಹಿಡಿದಿದ್ದೀರಿ.

ಮಗಳ ಕಾಲೇಜು ಫೀಸಿಗೆಂದು ಸರ ಅಡ ಇಡಲು ಬ್ಯಾಂಕಿಗೆ ಹೋಗಿದ್ದೆ. ಅಲ್ಲಿನ ಅಪ್ರೈಸರ್ ಒರೆಗಲ್ಲಿಗೆ ಉಜ್ಜಿ, ಆಸಿಡ್ ಬಿಟ್ಟು ನೋಡಿ, "ಇದು 22 ಅಲ್ಲಮ್ಮ" ಎಂದು ವಾಪಸ್ ಕೊಟ್ಟರು. ಒಬ್ಬರ ಮಾತಿನ ಮೇಲೆ ದೂರಬಾರದು ಎಂದು ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದೆ. ಕೊಂಡಿಯಲ್ಲಿ ಶೇ 91.7 ಬಂತು. ಸರದ ಎಳೆಯಲ್ಲಿ ಮೂರು ಕಡೆ ನೋಡಿದರೂ ಸರಾಸರಿ ಶೇ 84.6. ಅಂದರೆ 20 ಕ್ಯಾರೆಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆರು ಅಕ್ಷರದ ಎಚ್‌ಯುಐಡಿ ಇರುವುದು ಆ ಕೊಂಡಿಯ ಮೇಲೆಯೇ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ 22 ಕ್ಯಾರೆಟ್ ಎಂದೇ ತೋರಿಸುತ್ತದೆ. ಹಾಗಾದರೆ ಕೊಂಡಿಗೆ ಸಿಕ್ಕ ಮುದ್ರೆ ಇಡೀ ಸರಕ್ಕೆ ಹೇಗೆ ಅನ್ವಯಿಸುತ್ತದೆ, ನೀವೇ ಹೇಳಬೇಕು.

ಫೋನ್ ಮಾಡಿದಾಗ ನಿಮ್ಮ ಕೌಂಟರ್‌ನವರು "ಬೆಸುಗೆ ಇರತ್ತಲ್ವಾ, ಅದಕ್ಕೇ ಕಮ್ಮಿ ತೋರಿಸಿದೆ" ಎಂದರು. ಪರೀಕ್ಷೆ ಮಾಡಿದ್ದು ಬೆಸುಗೆ ಇಲ್ಲದ ಜಾಗದಲ್ಲಿ. ಮಿಷನ್ ಮೇಲ್ಮೈಯನ್ನಷ್ಟೇ ನೋಡುತ್ತದೆ ಎಂದೂ ಹೇಳಿದರು. ಸರಿ, ಒಪ್ಪುತ್ತೇನೆ. ಹಾಗಿದ್ದರೆ ನಿಮ್ಮವರೂ ಬರಲಿ. ಇಬ್ಬರ ಎದುರಲ್ಲೇ ಎಳೆಯಿಂದ ಒಂದು ತುಂಡು ಕತ್ತರಿಸಿ, ಅದೇ ಕೇಂದ್ರದಲ್ಲಿ ಕರಗಿಸಿ ಫೈರ್ ಅಸ್ಸೇ ಮಾಡಿಸೋಣ.

ಅದರಲ್ಲೂ ಕಡಿಮೆ ಬಂದರೆ, ಇದೇ ತೂಕದ ಸರಿಯಾದ 916 ಸರವನ್ನು ಹೊಸ ವೇಸ್ಟೇಜ್ ಹಾಕದೆ ಕೊಡಿ, ಪರೀಕ್ಷೆಯ ಖರ್ಚನ್ನೂ ಕೊಡಿ. ಅದಾಗದಿದ್ದರೆ 2018ರ ಬಿಐಎಸ್ ನಿಯಮ 49ರಂತೆ ಕೊರತೆಯ ಎರಡು ಪಟ್ಟು ಹಣ ಮತ್ತು ಪರೀಕ್ಷೆ ಶುಲ್ಕ ಕೊಡಬೇಕಾಗುತ್ತದೆ. ಈಗಿನ ವರದಿ, ಬಿಲ್ ದರದ ಲೆಕ್ಕದಲ್ಲಿ ಕೊರತೆ ಸುಮಾರು 8,195 ರೂಪಾಯಿ. ಎರಡು ಪಟ್ಟು ಎಂದರೆ 16,390.

ಸುಮ್ನೆ ಜಗಳ ಮಾಡುವ ಆಸೆ ನನಗಿಲ್ಲ. ನಮ್ಮತ್ತೆಯ ಕಾಲದಿಂದ ನಿಮ್ಮಲ್ಲಿಗೇ ಬರುತ್ತಿದ್ದೇವೆ. ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು, ಫೋನಿನಲ್ಲಿ ಬೇಡ. ಬಾರದಿದ್ದರೆ ಬಿಐಎಸ್‌ಗೂ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ.

ಬಿಲ್ ಮತ್ತು ಪರೀಕ್ಷಾ ವರದಿಯ ಜೆರಾಕ್ಸ್ ಇಟ್ಟಿದ್ದೇನೆ. ಅಸಲು ಪ್ರತಿಗಳೂ ಸರವೂ ನನ್ನ ಹತ್ತಿರವೇ ಇರುತ್ತವೆ. ಪರೀಕ್ಷೆಯ ದಿನ ತರುತ್ತೇನೆ.

ಇಂತಿ,
ಶಾರದಾ ಎಂ.
ವಿದ್ಯಾನಗರ, ದಾವಣಗೆರೆ