ಕೈಲಿ ಎರಡು

ಗಣಿತದ ಪೇಪರ್ ಕೊಟ್ಟಾಗ ನಾನು ಮೇಲಿರೋ ನಂಬರ್ ಮಾತ್ರ ನೋಡಿದ್ದು. 100ಕ್ಕೆ 28, ಸುತ್ತ ಕೆಂಪು ಗೆರೆ. ಪಾಸಾಗೋಕೆ 35 ಬೇಕು. ಮಡಚಿ ಬ್ಯಾಗಿನ ತಳಕ್ಕೆ ತುರುಕಿಬಿಟ್ಟೆ. ಪಕ್ಕದಲ್ಲಿ ಕೂರೋ ಗೆಳೆಯನಿಗೆ 43 ಬಂದಿತ್ತು, ಅವನು ಪಾಸಾಗಿದ್ದು ಇದೇ ಮೊದಲು, ಆದ್ರೂ ಪಾಪ ನನ್ನ ಮುಖ ನೋಡಿ ಅವನು ಜೋರಾಗಿ ಖುಷಿ ಕೂಡ ಪಡಲಿಲ್ಲ.

ಮನೇಲಿ ಅಪ್ಪ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಕನ್ನಡಕ ಹಾಕ್ಕೊಂಡು ಒಂದೊಂದೇ ಪುಟ ತಿರುವಿ, ಕೊನೆಗೆ 28ರ ಕೆಳಗೆ ಸೈನ್ ಹಾಕಿ, "ಓದಿದ್ದೆ ಅಲ್ವೇನೋ" ಅಂದ್ರು ಅಷ್ಟೇ. ನಿಜವಾಗ್ಲೂ ಓದಿದ್ದೆ. ಒಂದು ತಿಂಗಳು ಬೆಳಿಗ್ಗೆ ಬೇಗ ಎದ್ದು ಲೆಕ್ಕ ಮಾಡಿದ್ದೆ, ಅದು ಅಪ್ಪಂಗೂ ಗೊತ್ತಿತ್ತು, ಅದಕ್ಕೇ ಆ ಮಾತು ಅಷ್ಟು ನೋವಾಯ್ತು.

ರಾತ್ರಿ ನಿದ್ದೆ ಬರ್ಲಿಲ್ಲ, ಎಲ್ಲೆಲ್ಲಿ ತಪ್ಪಿದೀನಿ ನೋಡೋಣ ಅಂತ ಪೇಪರ್ ತೆಗೆದೆ. ಮೂರನೇ ಪುಟದಲ್ಲಿ ಒಂದು ಗುಣಾಕಾರದ ಪಕ್ಕ ಮಿಸ್ ಕೆಂಪು ಪೆನ್ನಲ್ಲಿ "ದಶಕ ಎಲ್ಲಿ?" ಅಂತ ಬರೆದಿದ್ರು. ಹೌದು, ಕೈಲಿದ್ದ 2ನ್ನ ಸೇರಿಸೋದು ಮರೆತಿದ್ದೆ, ಇದು ನನ್ನ ಹಳೇ ಕಾಯಿಲೆ. ಆಮೇಲೆ ಮೊದಲ ಪುಟದಲ್ಲಿ ನಾಲ್ಕು ಭಾಗದ ಮಾರ್ಕ್ಸ್ ಒಂದರ ಕೆಳಗೊಂದು ಬರೆದಿದ್ದು ಕಣ್ಣಿಗೆ ಬಿತ್ತು. 9, 14, 8, 7. ಸುಮ್ನೆ ಕೂಡಿದೆ. 38 ಬಂತು.

ಮತ್ತೆ ಕೂಡಿದೆ. ಕೆಳಗಿಂದ ಮೇಲಕ್ಕೂ ಕೂಡಿದೆ. ಬಿಡಿ ಸ್ಥಾನದಲ್ಲಿ 28, 8 ಬರೆದು ಕೈಲಿ 2, ಆ ಕಡೆ 1 ಇದೆ, 3 ಆಗ್ಬೇಕು. ಮಿಸ್ 2 ಬರೆದಿದ್ರು. ಖುಷಿಗಿಂತ ಮೊದಲು ಹೆದರಿಕೆ ಆಯ್ತು, ಯಾಕಂದ್ರೆ ಗಣಿತದಲ್ಲಿ ಫೇಲಾದ ಹುಡುಗ ಹೋಗಿ ಗಣಿತದ ಮಿಸ್‌ಗೆ ನೀವು ಕೂಡಿದ್ದು ತಪ್ಪು ಅಂದ್ರೆ ಯಾರು ನಂಬ್ತಾರೆ? ಅಪ್ಪನ್ನ ಎಬ್ಬಿಸೋಣ ಅನ್ಸಿತು, ಎಬ್ಬಿಸಲಿಲ್ಲ. ನಾನೇ ತಪ್ಪು ಕೂಡಿದ್ರೆ ಅವರಿಗೆ ಎರಡನೇ ಸಲ ಬೇಜಾರಾಗುತ್ತೆ.

ಬೆಳಿಗ್ಗೆ ಗೆಳೆಯನಿಗೆ ತೋರಿಸಿದೆ. ಬೆರಳು ಎಣಿಸಿ ನೋಡಿ, "ಲೋ, 38 ಕಣೋ! ಈಗ್ಲೇ ಹೋಗು" ಅಂತ ನನ್ನನ್ನ ಸ್ಟಾಫ್ ರೂಮಿನ ಬಾಗಿಲ ತನಕ ತಳ್ಳಿಕೊಂಡು ಬಂದ.

ಮಿಸ್ ಒಬ್ರೇ ಇದ್ರು. ರಾತ್ರಿಯೆಲ್ಲಾ ಹೇಳ್ಕೊಂಡ ಮಾತು ಮರೆತೋಯ್ತು, ಪೇಪರ್ ಮುಂದೆ ಇಟ್ಟು "ಮಿಸ್, ಟೋಟಲ್ ಒಂದ್ಸಲ ನೋಡ್ತೀರಾ" ಅಂದೆ. ಅವರ ಪೆನ್ನು ಒಂದೊಂದು ನಂಬರಿನ ಮೇಲೂ ನಿಂತು ನಿಂತು ಇಳಿದು, ಕೆಳಗೆ ಬಂದಾಗ ಪೂರ್ತಿ ನಿಂತೋಯ್ತು. ಅಪ್ಪನ ಸೈನ್ ಮೇಲೆ ತುಂಬಾ ಹೊತ್ತು ನೋಡಿದ್ರು.

"ಮನೇಲಿ ತೋರ್ಸಿಬಿಟ್ಯಾ?"

"ಹೂಂ ಮಿಸ್."

28ನ್ನ ಹೊಡೆದು ಹಾಕಿ 38 ಬರೆದು ಸೈನ್ ಮಾಡಿದ್ರು. ಅದರ ಪಕ್ಕ ಅಪ್ಪಂಗೆ ಅಂತ ಎರಡು ಸಾಲು, ತಪ್ಪು ನನ್ನದು, ನಿಮ್ಮ ಮಗ ಪಾಸಾಗಿದ್ದಾನೆ ಅಂತ. ನಂಗೆ ಗಂಟಲು ಕಟ್ಟಿತು. ದೊಡ್ಡವರು ಹಾಗೆ ನೇರವಾಗಿ ತಪ್ಪು ನನ್ನದು ಅಂತ ಬರೆದಿದ್ದನ್ನ ನಾನು ಅವತ್ತಿನವರೆಗೂ ನೋಡಿರ್ಲಿಲ್ಲ.

"ಒಂದೇ ರಾತ್ರಿ ಎರಡು ಕ್ಲಾಸಿಂದು ಮುಗಿಸಿದ್ದೆ" ಅಂದ್ರು, ನಂಗೆ ಹೇಳಿದ್ದೋ ಅವರಿಗೇ ಹೇಳ್ಕೊಂಡಿದ್ದೋ. ಆಮೇಲೆ "ಎಲ್ಲರ ಪೇಪರ್ ಇಸ್ಕೊಂಡು ಬಾ. ನೀನೂ ಕೂಡು, ನಾನೂ ಕೂಡ್ತೀನಿ, ಇಬ್ಬರಿಗೂ ಒಂದೇ ಬಂದ್ರೆ ಮಾತ್ರ ಸರಿ."

ಊಟದ ಬಿಡುವಲ್ಲಿ ಅವರ ಟೇಬಲ್ಲಿನ ಪಕ್ಕ ಸ್ಟೂಲ್ ಮೇಲೆ ಕೂತೆ. ಮಿಸ್ ನನ್ನನ್ನ ಲೆಕ್ಕಕ್ಕೆ ಕೂರಿಸ್ಕೊಂಡಿದ್ದಾರೆ ಅನ್ನೋದೇ ನಂಬೋಕಾಗ್ತಿರ್ಲಿಲ್ಲ. ಒಂದೊಂದು ಪೇಪರ್‌ಗೂ ಬಾಯಿಬಿಟ್ಟು "ಕೈಲಿ ಎರಡು", "ಕೈಲಿ ಒಂದು" ಅಂತ ಹೇಳ್ಕೊಂಡು ಕೂಡಿದೆ, ಒಂದು ಸಲಾನೂ ಮರೀಲಿಲ್ಲ. ಹದಿನೇಳು ಪೇಪರ್ ಸರಿ ಇತ್ತು.

ಹದಿನೆಂಟನೇದು ನನ್ನ ಗೆಳೆಯಂದು. 7, 12, 8, 6. ಬಿಡಿ ಸ್ಥಾನದಲ್ಲಿ 23, 3 ಬರೆದು ಕೈಲಿ ಎರಡು, ಆ ಕಡೆ ಒಂದು.

ನಾನು ಬಾಯಿ ಮುಚ್ಚಿಕೊಂಡೆ. ಮೇಲೆ 43 ಅಂತ ಕೆಂಪು ಗೆರೆ ಒಳಗೆ ಬರೆದಿತ್ತು. ಕೆಳಗೆ ಅವರಮ್ಮನ ಸೈನ್. ಕಿಟಕಿ ಆಚೆ ಅವನು ನನಗೋಸ್ಕರ ಕಾಯ್ತಾ ನಿಂತಿದ್ದ, ನಾನು ನೋಡಿದ್ದು ಕಂಡು ಕೈ ಎತ್ತಿದ.

ಮಿಸ್ ಪೆನ್ನು ಕೆಳಗಿಟ್ರು. ಅವರಿಗೂ ಬಂದಿತ್ತು ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು, ಆದ್ರೂ ಮೆತ್ತಗೆ ಕೇಳಿದ್ರು, "ನಿಂಗೆಷ್ಟು ಬಂತು?"

"ಇನ್ನೊಂದ್ಸಲ ಕೂಡ್ತೀನಿ ಮಿಸ್" ಅಂದೆ. ಮೇಲಿಂದ ಶುರು ಮಾಡ್ದೆ, ನಿಧಾನಕ್ಕೆ, ಒಂದೊಂದೇ.